ಮುಂಗಡ ಕಟ್ಟಿದ ತೆರಿಗೆಯನ್ನು ಮುಳುಗಿಸಬೇಡಿ

ಅಹಮದಾಬಾದ್, ಅಕ್ಟೋಬರ್ 2019

ಮಾನ್ಯ ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ಸೆಪ್ಟೆಂಬರ್ 20ರಂದು ತಾವು ಕಂಪನಿಗಳಿಗೆ ಶೇ. 22ರ ತೆರಿಗೆಯ ಹೊಸ ದಾರಿ ತೆರೆದಿರಿ. ಆ ದಾರಿ ಹಿಡಿದವರಿಗೆ ಕನಿಷ್ಠ ಪರ್ಯಾಯ ತೆರಿಗೆ, ಅಂದರೆ ಮ್ಯಾಟ್ ಇಲ್ಲ. ಆದರೆ ಅಕ್ಟೋಬರ್ 2ರ ಸುತ್ತೋಲೆ, ಹೊಸ ದಾರಿಗೆ ಬಂದ ಕಂಪನಿ ಈವರೆಗೆ ಕೂಡಿಟ್ಟ ಮ್ಯಾಟ್ ಕ್ರೆಡಿಟ್ ಬಳಸುವಂತಿಲ್ಲ ಎಂದಿದೆ. ಇದು ನ್ಯಾಯವಲ್ಲ ಎಂಬುದೇ ನನ್ನ ವಾದ.

ವಡೋದರದಲ್ಲಿ ಯಂತ್ರಭಾಗ ತಯಾರಿಸುವ ಒಂದು ಮಧ್ಯಮ ಕಂಪನಿಯನ್ನು ಊಹಿಸಿಕೊಳ್ಳಿ. 2018-19ರಲ್ಲಿ ಅದರ ಪುಸ್ತಕ ಲಾಭ 10 ಕೋಟಿ. ಹೊಸ ಯಂತ್ರಗಳ ಮೇಲೆ ಆದಾಯ ತೆರಿಗೆ ಕಾಯ್ದೆ ಮೊದಲ ವರ್ಷಗಳಲ್ಲೇ ಹೆಚ್ಚು ಸವಕಳಿ ಕೊಡುವುದರಿಂದ ತೆರಿಗೆಗೆ ಒಳಪಡುವ ಆದಾಯ 4 ಕೋಟಿಗೆ ಇಳಿಯಿತು. ಮೇಲ್ತೆರಿಗೆ, ಸೆಸ್ ಬಿಟ್ಟರೆ ಶೇ. 25ರಂತೆ ಸಾಮಾನ್ಯ ತೆರಿಗೆ 1 ಕೋಟಿ. ಪುಸ್ತಕ ಲಾಭದ ಮೇಲೆ ಶೇ. 18.5ರ ಮ್ಯಾಟ್ 1.85 ಕೋಟಿ. ಕಂಪನಿ ದೊಡ್ಡದನ್ನೇ ಕಟ್ಟಿತು. ಹೆಚ್ಚುವರಿ 85 ಲಕ್ಷ ಕ್ರೆಡಿಟ್ ಆಗಿ ಹದಿನೈದು ವರ್ಷ ಮುಂದಕ್ಕೆ ಬರುತ್ತದೆ. ಸಾಮಾನ್ಯ ತೆರಿಗೆ ಮ್ಯಾಟ್‌ಗಿಂತ ಎಷ್ಟು ಹೆಚ್ಚಿರುತ್ತದೋ ಅಷ್ಟರ ಮಟ್ಟಿಗೆ ಮಾತ್ರ ಅದನ್ನು ಕಳೆಯಬಹುದು.

ಮುಂದೆ ಸವಕಳಿ ಕರಗಿ, ಪುಸ್ತಕ ಲಾಭ 10 ಕೋಟಿಯೇ ಇದ್ದು, ತೆರಿಗೆ ಆದಾಯ 13 ಕೋಟಿಗೆ ಏರಿತು ಎನ್ನಿ. ಸಾಮಾನ್ಯ ತೆರಿಗೆ 3.25 ಕೋಟಿ, ಈಗ ಶೇ. 15ಕ್ಕೆ ಇಳಿದಿರುವ ಮ್ಯಾಟ್ 1.5 ಕೋಟಿ. ಅಂತರ ದೊಡ್ಡದಿರುವುದರಿಂದ 85 ಲಕ್ಷವೂ ಸಂದು, ಕಟ್ಟಬೇಕಾದ್ದು 2.40 ಕೋಟಿ. ಹೊಸ ದಾರಿಯಲ್ಲಾದರೆ 2.86 ಕೋಟಿ. ಕಡಿಮೆ ದರವೇ ಇಲ್ಲಿ ದುಬಾರಿ.

ಹೊಸ ದಾರಿಗೆ ಬರಲು ಗಡುವಿಲ್ಲ, ಕ್ರೆಡಿಟ್ ತೀರಿಸಿಯೇ ಬರಲಿ ಎನ್ನುತ್ತೀರಿ. ಒಂದೇ ವರ್ಷದಲ್ಲಿ ತೀರುವವರಿಗೆ ಈ ಮಾತು ಸರಿ. ಹಲವು ವರ್ಷಗಳ ಕ್ರೆಡಿಟ್ ಇರುವ ಕಂಪನಿ ಅಷ್ಟು ಕಾಲವೂ ತಾವು ಕೈಬಿಡಬಯಸಿದ ಹಳೆಯ ವಿನಾಯಿತಿಗಳ ಲೆಕ್ಕದಲ್ಲೇ ಉಳಿಯುತ್ತದೆ. ವಿನಾಯಿತಿ ಬಿಟ್ಟವರಿಗಷ್ಟೇ ಕಡಿಮೆ ದರ ಎಂಬ ಇನ್ನೊಂದು ವಾದವೂ ಇದೆ. ಸೂರತ್ ಬಳಿಯ ಸಚಿನ್ ವಿಶೇಷ ಆರ್ಥಿಕ ವಲಯದ ಘಟಕಗಳಿಗೆ ಸಿಗುವ ರಫ್ತು ಲಾಭದ ಕಡಿತವಾಗಲಿ, ಅಹಮದಾಬಾದಿನ ಔಷಧ ಕಂಪನಿಗಳ ಸಂಶೋಧನಾ ವೆಚ್ಚಕ್ಕೆ ಸಿಗುವ ಹೆಚ್ಚುವರಿ ಕಡಿತವಾಗಲಿ ನಿಜಕ್ಕೂ ರಿಯಾಯಿತಿಗಳೇ. ಅವುಗಳಿಂದ ಹುಟ್ಟಿದ ಕ್ರೆಡಿಟ್ ಬಗ್ಗೆ ತಮ್ಮ ವಾದಕ್ಕೆ ತೂಕವಿದೆ. ಆದರೆ ಸವಕಳಿಯ ಅಂತರ ಕಾಲದ ಅಂತರ ಮಾತ್ರ: ಇಂದು ಕಳೆದದ್ದು ನಾಳೆ ಆದಾಯವಾಗಿ ಮರಳುತ್ತದೆ. ಆ ನಾಳಿನ ತೆರಿಗೆಯನ್ನು ಕಂಪನಿ ಇಂದೇ ಕಟ್ಟಿದೆ.

1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಟ್ಟ ಬೊಕ್ಕಸಕ್ಕೆ ಇನ್ನೊಂದು ಹೊರೆ ಬೇಡವೆಂಬುದೂ ನಿಜ. ಆದ್ದರಿಂದ ಸವಕಳಿಯಿಂದ ಹುಟ್ಟಿದ ಕ್ರೆಡಿಟ್ಟನ್ನು ಪ್ರತ್ಯೇಕಿಸಿ, ಹೊಸ ದಾರಿಯಲ್ಲಿ ಐದು ಸಮಾನ ಕಂತುಗಳಲ್ಲಿ ಕಳೆಯಲು ಬಿಡಿ. ಪುಸ್ತಕದ ಸವಕಳಿ, ತೆರಿಗೆಯ ಸವಕಳಿ ಎರಡರ ಲೆಕ್ಕವೂ ಕಂಪನಿಯ ಬಳಿ ಇದ್ದೇ ಇರುತ್ತದೆ. ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಕೇಳಿದರೆ ಸಾಕು.

ಇಂತಿ,
ಒಬ್ಬ ತೆರಿಗೆ ಸಲಹೆಗಾರ