ಬಳೆಯೋ, ಬಾಳೆಯೋ?

ನಮ್ಮ ಹೊಸಪೇಟೆ ಕಡೆ ಸೀಮಂತಕ್ಕೆ ಕುಬಸ ಅಂತೀವಿ. ಕುಬಸ ಅಂದ್ರೆ ಬಳೆಯೂ ಬೇಕು, ಬಾಳೆಹಣ್ಣೂ ಬೇಕು. ಎರಡನ್ನೂ ಡಜನ್ ಲೆಕ್ಕದಲ್ಲೇ ತರೋದು. ಈಗ ಮೊಬೈಲಿನಲ್ಲಿ "bale 4 dozen tarri" ಅಂತ ಕಳಿಸಿದರೆ ಓದಿದವರು ಏನು ತರಬೇಕು ಹೇಳಿ?

ಕನ್ನಡದಲ್ಲಿ ಹ್ರಸ್ವ, ದೀರ್ಘ ಬೇರೆ. ಲ, ಳ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ನಾವು ಅವಸರದಿಂದ ಬರೆಯುವಾಗ ಇವೆಲ್ಲ ಒಂದಾಗಿಬಿಡುತ್ತವೆ. ಬಳೆ, ಬಾಳೆ, ಬಲೆ ಮೂರೂ "bale". ಬೆಲೆ, ಬೆಳೆ, ಬೇಳೆ ಮೂರೂ "bele". ಹಾಗಾದರೆ ಎಲ್ಲರಿಗೂ ಕನ್ನಡದಲ್ಲೇ ಬರೆದರಾಯ್ತಲ್ಲ ಅಂತೀರಾ? ಹಾಗೂ ಆಗಲ್ಲ. ನಮ್ಮ ಮನೆಯ ಕುಬಸಕ್ಕೆ ನಾಲ್ಕು ಕಡೆ ಸುದ್ದಿ ಮುಟ್ಟಿಸಬೇಕಾದಾಗ ನಾಲ್ಕು ಥರ ಯೋಚಿಸಬೇಕಾಯ್ತು.

ಮೊದಲು ಕಂಪ್ಲಿಯ ದೊಡ್ಡಪ್ಪ. ಅವರದು ಬಟನ್ ಫೋನು. ಅವರು ನನಗೆ ಕಳಿಸೋದು "barthini" ಅಂತ ಇಂಗ್ಲಿಷ್ ಅಕ್ಷರದಲ್ಲಿ. ಅದನ್ನು ನೋಡಿ ಅವರಿಗೆ ಇಂಗ್ಲಿಷ್ ಅಕ್ಷರವೇ ಸಲೀಸು ಅಂದುಕೊಳ್ಳಬಾರದು. ಬಟನ್ ಒತ್ತಿ ಕನ್ನಡ ಬರೆಯೋದು ಕಷ್ಟ ಅಂತ ಹಾಗೆ ಬರೀತಾರೆ ಅಷ್ಟೇ. ಓದೋದು ದಿನಾ ಕನ್ನಡ ಪೇಪರ್. ಬರೆಯುವ ಅನುಕೂಲ ಬೇರೆ, ಓದುವ ಅನುಕೂಲ ಬೇರೆ. ಆದರೆ ಕೆಲವು ಹಳೇ ಫೋನುಗಳಲ್ಲಿ ಕನ್ನಡ ಅಕ್ಷರವೇ ಇರೋಲ್ಲ, ಸಾಲಾಗಿ ಖಾಲಿ ಚೌಕ ಕಾಣಿಸುತ್ತವೆ. ಎಷ್ಟೋ ಹಿರಿಯರು ಅದನ್ನು ಹೇಳೋದೂ ಇಲ್ಲ, ಫೋನು ಕೆಟ್ಟಿದೆ ಅಂದುಕೊಂಡು ಸುಮ್ಮನಾಗ್ತಾರೆ. ಅದಕ್ಕೇ ಮೊದಲು "ನಮಸ್ಕಾರ" ಅಂತ ಒಂದೇ ಪದ ಕಳಿಸಿ, ಫೋನ್ ಮಾಡಿ "ದೊಡ್ಡಪ್ಪ, ಏನ್ ಬಂತು ಓದ್ರಿ" ಅಂತ ಕೇಳಿದೆ. ಸರಿಯಾಗಿ ಓದಿದರು.

ಎಸ್ಸೆಮ್ಮೆಸ್ಸಿಗೆ ಇನ್ನೊಂದು ಲೆಕ್ಕ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿದರೆ, ಕನ್ನಡದಲ್ಲಿ ಸಾಮಾನ್ಯವಾಗಿ 70 ಮಾತ್ರ. ಗುಣಿತ, ಒತ್ತು, ಜಾಗ ಎಲ್ಲವೂ ಎಣಿಕೆಗೆ ಸೇರುತ್ತವೆ. ಮಧ್ಯೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಇಳಿಯುತ್ತದೆ. ಮೀರಿದರೆ ಎರಡು ಮೆಸೇಜಿನ ಲೆಕ್ಕ. ಹಾಗಾಗಿ ದೊಡ್ಡಪ್ಪನಿಗೆ ಇಷ್ಟೇ ಬರೆದೆ: "ಭಾನುವಾರ 11ಕ್ಕೆ ಕುಬಸ. ಹಸಿರು ಬಳೆ 4 ಡಜನ್ ತರ್ರಿ." ಎಣಿಸಿದರೆ 44. ಒಂದರಲ್ಲೇ ಮುಗೀತು.

ಸಂಡೂರಿನ ತಂಗಿಯ ಮಗಳದು ಇದಕ್ಕೆ ತಿರುವುಮುರುವು. ಓದಿದ್ದು ಇಂಗ್ಲಿಷ್ ಮೀಡಿಯಂ, ಕೈಯಲ್ಲಿರೋದು ಒಳ್ಳೇ ಫೋನು. ಮನೆಯಲ್ಲಿ ಪಟಪಟ ಕನ್ನಡ ಮಾತಾಡ್ತಾಳೆ, ಅಕ್ಷರ ಮಾತ್ರ ಒಂದೊಂದೇ ಕೂಡಿಸಿ ಓದ್ತಾಳೆ. ಉದ್ದದ ಕನ್ನಡ ಮೆಸೇಜು ಬಂದರೆ ಆಮೇಲೆ ನೋಡೋಣ ಅಂತ ಬಿಟ್ಟುಬಿಡ್ತಾಳೆ. ಅವಳಿಗೆ ಇಂಗ್ಲಿಷ್ ಅಕ್ಷರವೇ ಸರಿ. ಆದರೆ ಬರೀ "bale" ಸಾಲದು, ಅರ್ಥ ಕಟ್ಟಿಹಾಕುವ ಇನ್ನೊಂದು ಪದ ಜೊತೆಗಿರಬೇಕು. ಅವಳಿಗೆ ಹೇಳಬೇಕಿದ್ದದ್ದು ಹಣ್ಣು. "Baale hannu 4 dozen tagondu baa" ಅಂತ ಬರೆದೆ. ಬಳೆ ಆಗಿದ್ದರೆ "gaajina bale" ಅನ್ನುತ್ತಿದ್ದೆ.

ಹಂಪಿಯ ಚಿಕ್ಕಮ್ಮನಿಗೆ ಈಗ ಕಣ್ಣು ಮಂಜು. ಅವರ ಫೋನಿನಲ್ಲಿ ಬಂದ ಮೆಸೇಜನ್ನು ಗಟ್ಟಿಯಾಗಿ ಓದಿಸಿಕೊಳ್ಳುವ ಅನುಕೂಲ ಇದೆ. ಕನ್ನಡ ಲಿಪಿಯಲ್ಲಿದ್ದರೆ ಫೋನು ಕನ್ನಡದಲ್ಲೇ ಓದುತ್ತೆ. ಇಂಗ್ಲಿಷ್ ಅಕ್ಷರದಲ್ಲಿದ್ದರೆ ಅದನ್ನು ಇಂಗ್ಲಿಷ್ ಅಂತಲೇ ತಿಳಿದು "ಬೇಲ್" ಅನ್ನೋ ಥರ ಏನೇನೋ ಉಚ್ಚರಿಸುತ್ತೆ. ಅವರಿಗೆ ಕನ್ನಡ ಲಿಪಿ ಬಿಟ್ಟು ಬೇರೆ ದಾರಿಯೇ ಇಲ್ಲ.

ಇನ್ನು ಪಕ್ಕದ ಮನೆಯವರು. ಮನೆಮಾತು ತೆಲುಗು, ಓದು ಬರಹವೂ ತೆಲುಗಿನದೇ. ಕನ್ನಡ ಬರಲ್ಲ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕಳಿಸೋಕೆ ಹೊರಟಿದ್ದೆ, ಅವರೇ ಬೇಡ ಅಂದರು. "ನಿಮ್ಮ ಅಕ್ಷರದ ತಲೆಕಟ್ಟು ಸ್ವಲ್ಪ ಬೇರೆ ಅಷ್ಟೇ ಅಕ್ಕಾ, ಓದ್ಕೋತೀನಿ" ಅಂತ. ಎರಡೂ ಲಿಪಿಗಳ ಮೂಲ ಒಂದೇ ಅಲ್ವಾ, ಬಹಳಷ್ಟು ಅಕ್ಷರ ಅಕ್ಕತಂಗಿಯರ ಹಾಗಿವೆ.

ಊರಿನ ಹೆಸರಿಗೆ ಮಾತ್ರ ಎರಡೂ ಬೇಕಾಗಬಹುದು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮೂರು Hosapete. ಹಳಬರು ಇನ್ನೂ Hospet ಅಂತಲೇ ಬರೀತಾರೆ. ರೈಲಿನಲ್ಲಿ ಬರೋರಿಗೆ ನಾನು HPT ಅಂತ ಸ್ಟೇಷನ್ನಿನ ಕೋಡನ್ನೇ ಕಳಿಸ್ತೀನಿ, ತಪ್ಪೋ ಮಾತೇ ಇಲ್ಲ.

ಕನ್ನಡದಲ್ಲಿ ಬರೆಯುವಾಗಲೂ ಒಂದು ಎಚ್ಚರ ಬೇಕು. ಇಂಗ್ಲಿಷ್ ಕೀಲಿಯಲ್ಲಿ "bale" ಒತ್ತಿ ಕನ್ನಡ ಮಾಡಿಸುವ ಕೀಬೋರ್ಡು ಮೇಲೆ ಎರಡು ಮೂರು ಪದ ತೋರಿಸುತ್ತೆ. ಮೊದಲನೆಯದನ್ನೇ ಮುಟ್ಟಿದರೆ ಬಳೆ ಹೋಗಿ ಬಲೆ ಬಂದೀತು. ಕಳಿಸುವ ಮುಂಚೆ ಆ ಒಂದು ಪದವನ್ನಾದರೂ ಮತ್ತೊಮ್ಮೆ ಓದಿ. ಸಂದೇಹ ಬಂದರೆ, ಲಿಪಿ ಯಾವುದಾದರೂ ಇರಲಿ, "ಹಣ್ಣು" ಅಂತಲೋ "ಗಾಜಿನ" ಅಂತಲೋ ಒಂದು ಪದ ಜಾಸ್ತಿ ಸೇರಿಸಿಬಿಡಿ.