ಬಿಡಿ ಹಾಳೆಗಳಿಗೆ ನಮ್ಮ ಇಷ್ಟದ ಕ್ರಮ ಬೇಡ

ಮಠಗಳ ಅಟ್ಟದಲ್ಲಿ, ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಹಿರಿಯರ ದಿನಚರಿಯ ಬಿಡಿ ಹಾಳೆಗಳು ಸಿಗುತ್ತವೆ. ಹೊಲಿಗೆ ಬಿಚ್ಚಿರುತ್ತದೆ, ಪುಟಸಂಖ್ಯೆ ಇರುವುದಿಲ್ಲ, ಇಸವಿಯನ್ನೂ ಬರೆದಿರುವುದಿಲ್ಲ. ಸ್ಮರಣ ಸಂಚಿಕೆಯ ಅವಸರದಲ್ಲಿ ನಾವು ಅವನ್ನು ಒಂದು ಕಥೆಯಾಗಿ ಜೋಡಿಸಿಬಿಡುತ್ತೇವೆ. ಮೊದಲು ಸಂಪ್ರದಾಯದ ಕತ್ತಲೆ, ನಡುವೆ ಸಂಶಯ, ಕೊನೆಗೆ ಬಸವತತ್ತ್ವದ ಬೆಳಕು. ಓದಲು ಚೆಂದ. ಆದರೆ ಆ ಕ್ರಮ ಹಾಳೆಗಳದೋ, ನಮ್ಮದೋ?

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. 1910ರಿಂದ 1935ರ ನಡುವಿನವು ಎನ್ನಬಹುದಾದ ಹಾಳೆಗಳ ಒಂದು ಪೆಟ್ಟಿಗೆ. ಬರೆದವರು ಉತ್ತರ ಕರ್ನಾಟಕದ ಒಬ್ಬ ಒಕ್ಕಲಿಗ ಶರಣರು. ಅದರಲ್ಲಿ ಮೂರು ಹಾಳೆಗಳನ್ನು ಎತ್ತಿಕೊಳ್ಳೋಣ.

ಮೊದಲನೆಯದರಲ್ಲಿ ಹೀಗಿದೆ: ಶುಕ್ರವಾರ, ಡಿಸೆಂಬರ್ 26, ಎಳ್ಳ ಅಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿದೆವು. ಅಣ್ಣ ಕಾಯಿಲೆಯಿಂದ ಮನೆಯಲ್ಲೇ ಉಳಿದ. ತಮ್ಮ ಗಾಂಧಿಯವರನ್ನು ನೋಡಲು ಬೆಳಗಾವಿಗೆ ಹೋಗಿದ್ದಾನೆ. ಎರಡನೆಯದರಲ್ಲಿ: ಮಗಳ ಮದುವೆಗೆ ಮುಹೂರ್ತ ಕೇಳುವುದಿಲ್ಲ ಎಂದೆ; ಅಣ್ಣ ಒಪ್ಪಲಿಲ್ಲ, ವಾದವಾಯಿತು. ಮೂರನೆಯದರಲ್ಲಿ: ಮುಹೂರ್ತ ಕೇಳಿಸಿಯೇ ಮಗಳ ಮದುವೆ ಮುಗಿಸಿದೆ, ಅಣ್ಣ ಲಿಂಗೈಕ್ಯನಾದ ಮೇಲೆ ಮನೆಯ ಮೊದಲ ಮಂಗಳಕಾರ್ಯ. ಎರಡನೆಯ ಮತ್ತು ಮೂರನೆಯ ಹಾಳೆಗಳಿಗೆ ತಾರೀಖೇ ಇಲ್ಲ.

ಮೊದಲನೆಯ ಹಾಳೆಗೆ ವಾರವೇ ದಾರಿ ತೋರಿಸುತ್ತದೆ. ಒಂದು ತಾರೀಖಿಗೆ ಅದೇ ವಾರ ಐದು, ಆರು ಅಥವಾ ಹನ್ನೊಂದು ವರ್ಷಕ್ಕೆ ಮರಳುತ್ತದೆ. ನಮ್ಮ ಅವಧಿಯಲ್ಲಿ ಡಿಸೆಂಬರ್ 26 ಶುಕ್ರವಾರ ಬಂದದ್ದು 1913, 1919, 1924 ಮತ್ತು 1930ರಲ್ಲಿ. ಇನ್ನು ತಿಥಿ ನೋಡಬೇಕು. 1919ರಲ್ಲೂ 1930ರಲ್ಲೂ ಅಮಾವಾಸ್ಯೆ ಆ ದಿನಕ್ಕಿಂತ ನಾಲ್ಕಾರು ದಿನ ಮೊದಲೇ ಮುಗಿದಿತ್ತು. ಆ ಎರಡನ್ನು ಬಿಡಬಹುದು. 1924ರಲ್ಲಿ 26ರ ಬೆಳಿಗ್ಗೆ ಅಮಾವಾಸ್ಯೆ ಇತ್ತು, 1913ರಲ್ಲಿ ಮರುದಿನ. ಊರಿಂದ ಊರಿಗೆ ಹಬ್ಬದ ಆಚರಣೆ ಒಂದು ದಿನ ಆಚೀಚೆ ಆಗುವುದರಿಂದ ತಿಥಿಯೊಂದನ್ನೇ ನಂಬಿ 1913ನ್ನು ತಳ್ಳಿಹಾಕುವಂತಿಲ್ಲ. ಅದನ್ನು ತಳ್ಳುವುದು ಬೆಳಗಾವಿಯ ಮಾತು. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಮರಳಿದ್ದು 1915ರಲ್ಲಿ. ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು 1924ರ ಡಿಸೆಂಬರಿನಲ್ಲಿ. ವಾರ, ತಿಥಿ, ಘಟನೆ ಮೂರೂ ಕೂಡಿದಾಗ ಈ ಹಾಳೆ 1924ರದೆಂದು ನಿಂತಿತು.

ಇಲ್ಲೊಂದು ಎಚ್ಚರ ಬೇಕು. ತಮ್ಮ ಬೆಳಗಾವಿಗೆ ಹೋಗಿದ್ದಾನೆ ಎಂಬುದು ಆ ದಿನದ ಮಾತು. ಗಾಂಧಿಯವರು ಬೆಳಗಾವಿಗೆ ಬಂದಿದ್ದಾಗ ಎಂದು ಬರೆದಿದ್ದರೆ ಅದು ನೆನಪಿನ ಮಾತಾಗುತ್ತಿತ್ತು. ಆಗ ಆ ಮಾತೊಂದರಿಂದ ಈ ಹಾಳೆ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದಿತ್ತು. ವಾರ, ತಿಥಿಗಳೂ ಇಲ್ಲದಿದ್ದರೆ ಹತ್ತು ವರ್ಷ ಈಚಿನದೂ ಆಗಿರಬಹುದಿತ್ತು.

ಈಗ ಉಳಿದ ಎರಡು. ಸುಧಾರಣೆಯ ಕಣ್ಣಿನಿಂದ ನೋಡುವವರು ಮುಹೂರ್ತ ಕೇಳಿಸಿದ ಹಾಳೆಯನ್ನು ಮೊದಲಿಟ್ಟು, ಮುಹೂರ್ತ ಬೇಡವೆಂದ ಹಾಳೆಯನ್ನು ಆಮೇಲೆ ಇಡುತ್ತಾರೆ. ಎರಡು ಕಡೆಯ ಮಗಳು ಬೇರೆ ಬೇರೆ ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಾರೆ. ಅಣ್ಣನನ್ನು ಹಿಡಿದು ನೋಡಿ. ವಾದದ ದಿನ ಅಣ್ಣ ಬದುಕಿದ್ದಾನೆ, ಮದುವೆಯ ದಿನ ಇಲ್ಲ. ಆದ್ದರಿಂದ ಬೇಡವೆಂದದ್ದು ಮೊದಲು, ಕೇಳಿಸಿದ್ದು ಆಮೇಲೆ. ಅಣ್ಣ 1924ರ ಕೊನೆಯಲ್ಲೂ ಇದ್ದುದರಿಂದ ಮದುವೆ ಅದಕ್ಕಿಂತ ಈಚಿನದು. ವಾದದ ಹಾಳೆ ಮಾತ್ರ ಬೆಳಗಾವಿಯ ಹಾಳೆಗಿಂತ ಹಿಂದಿನದೋ ಮುಂದಿನದೋ ಹೇಳಲು ಆಧಾರವಿಲ್ಲ. ವಾದದಲ್ಲಿ ಕಾಯಿಲೆಯ ಸುದ್ದಿ ಇಲ್ಲ, ಆದ್ದರಿಂದ ಅದು ಹಿಂದಿನದು ಎನ್ನುವುದೂ ಸಲ್ಲದು. ದಿನಚರಿಯವರು ಎಲ್ಲವನ್ನೂ ದಿನವೂ ಬರೆಯುವುದಿಲ್ಲ.

ಈ ಕ್ರಮ ನಮಗೆ ಹಿತವಲ್ಲ. ನಮ್ಮ ಶರಣರು ಹೇಳಿದ್ದನ್ನು ನಡೆಸಲಾಗದೆ ಹಿಂದೆ ಸರಿದರು ಎನ್ನುತ್ತದೆ ಅದು. ಆದರೆ ಇಂದು ಮಗಳ ಮದುವೆಯಲ್ಲಿ ಬಂಧುಗಳ ಒತ್ತಡಕ್ಕೆ ಸಿಕ್ಕ ತಂದೆಗೆ ಉಪಯೋಗವಾಗುವುದು ಈ ನಿಜವೇ. ಶೂನ್ಯಸಂಪಾದನೆಯ ಸಂಕಲನಕಾರರು ವಚನಗಳನ್ನು ಸಂವಾದವಾಗಿ ಜೋಡಿಸಿದರು. ಅದು ತತ್ತ್ವವನ್ನು ತೋರಿಸುವ ಕಟ್ಟಡ. ದಿನಚರಿ ಹಾಗಲ್ಲ. ಅದರ ಹಾಳೆ ಹಿಂದುಮುಂದಾದರೆ ಬದುಕೇ ಸುಳ್ಳಾಗುತ್ತದೆ.

ಆದುದರಿಂದ ಮಠಗಳ ಪ್ರಕಟಣಾ ಸಮಿತಿಗಳಲ್ಲಿ ನನ್ನ ಬೇಡಿಕೆ ಇಷ್ಟೆ. ಪೆಟ್ಟಿಗೆ ತೆರೆದ ಕೂಡಲೇ ಹಾಳೆಗಳು ಇದ್ದ ಕ್ರಮದಲ್ಲೇ ಫೋಟೋ ತೆಗೆಯಿರಿ. ಕದಡಿದ ಪೆಟ್ಟಿಗೆಯಲ್ಲೂ ನಾಲ್ಕೈದು ಹಾಳೆ ಒಟ್ಟಿಗೇ ಉಳಿದಿರಬಹುದು. ಒಂದು ಹಾಳೆಯ ಕೊನೆಯಲ್ಲಿ ತುಂಡಾದ ವಾಕ್ಯ ಇನ್ನೊಂದರ ತಲೆಯಲ್ಲಿ ಮುಂದುವರಿದಿದೆಯೇ ಎಂದು ಮೊದಲು ಹುಡುಕಿ. ಹಾಳೆಯ ಮೇಲೆ ಪೆನ್ನಿನಿಂದ ಸಂಖ್ಯೆ ಹಾಕಬೇಡಿ. ಅಚ್ಚಿನಲ್ಲಿ ಪ್ರತಿ ಹಾಳೆಯ ತಲೆಗೆ ಇದು ಖಚಿತ, ಇದು ಇಂಥದಕ್ಕಿಂತ ಈಚಿನದು, ಇದರ ಜಾಗ ತಿಳಿಯದು ಎಂದು ಬರೆಯಿರಿ. ಜಾಗ ತಿಳಿಯದ ಹಾಳೆಗಳನ್ನು ಕೊನೆಯಲ್ಲಿ ಬೇರೆಯಾಗಿ ಕೊಡಿ. ಮುಂದೆ ಇನ್ನೊಂದು ಮನೆಯಲ್ಲಿ ಒಂದು ಪತ್ರ ಸಿಕ್ಕರೆ ಅವುಗಳಿಗೂ ಜಾಗ ಸಿಕ್ಕೀತು.