ಪಟ್ಟಿ ನಮ್ಮ ಕೈಯಲ್ಲಿರಲಿ

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ ಪರಿಸರ ಸಚಿವಾಲಯವು 2024ರ ಜುಲೈ 31ರಂದು ಆರನೆಯ ಬಾರಿಗೆ ಹೊರಡಿಸಿತು. ಆರು ರಾಜ್ಯಗಳಿಗೆ ಸೇರಿದ 56,825 ಚದರ ಕಿಲೋಮೀಟರ್ ಪ್ರದೇಶ ಅದರ ವ್ಯಾಪ್ತಿಯಲ್ಲಿತ್ತು. ಕರ್ನಾಟಕದ ಪಾಲೇ 20,668 ಚದರ ಕಿಲೋಮೀಟರ್. ಆಕ್ಷೇಪ, ಸಲಹೆಗಳನ್ನು ಸಲ್ಲಿಸಲು ಜನರಿಗೆ ದೊರೆತದ್ದು ಅರುವತ್ತು ದಿನ. ಸುದ್ದಿ ತಿಳಿದ ವಾರವೇ ನಮ್ಮ ಬಳಗವು ಸಾಮಾಜಿಕ ಜಾಲತಾಣದ ತನ್ನ ಪುಟದಲ್ಲಿ ಅದನ್ನು ಪ್ರಕಟಿಸಿತು. ಕರ್ತವ್ಯ ಮುಗಿಯಿತೆಂದು ನಾವು ನೆಮ್ಮದಿಯಿಂದಿದ್ದೆವು. ಗಡುವು ಕಳೆದ ಮೇಲೆ, ಅಡಿಕೆ ಕೊಯ್ಲಿನ ಹೊತ್ತಿಗೆ, ಘಟ್ಟದ ಅಂಚಿನ ಊರಿನ ಹಿರಿಯರೊಬ್ಬರು ಫೋನು ಮಾಡಿ, “ತಮ್ಮಾ, ನಿಮ್ಮ ಬರೆಹ ಇವತ್ತು ನನ್ನ ಕಣ್ಣಿಗೆ ಬಿತ್ತು. ಈಗ ಅರ್ಜಿ ಹಾಕಿದರೆ ಆದೀತೇ?” ಎಂದು ಕೇಳಿದರು. ಅವರು ನಮ್ಮ ಪುಟವನ್ನು ಮೊದಲಿನಿಂದಲೂ ಹಿಂಬಾಲಿಸುತ್ತಿದ್ದವರು. ಅವರ ಊರು ಎಲ್ಲಿದೆಯೆಂದು ನಮಗೆ ಗೊತ್ತಿತ್ತು. ಆದರೆ ಅವರ ಫೋನ್ ಸಂಖ್ಯೆ ನಮ್ಮ ಬಳಿ ಇರಲಿಲ್ಲ.

ಇದು ಆಕಸ್ಮಿಕವಲ್ಲ. ಪುಟವೊಂದಕ್ಕೆ ಮೂರು ಸಾವಿರ ಹಿಂಬಾಲಕರಿದ್ದಾರೆ ಎಂದರೆ ನಾವು ಬರೆದದ್ದು ಮೂರು ಸಾವಿರ ಜನರಿಗೆ ಮುಟ್ಟುತ್ತದೆ ಎಂದರ್ಥವಲ್ಲ. ಯಾರಿಗೆ, ಯಾವಾಗ ತೋರಿಸಬೇಕೆಂದು ನಿರ್ಧರಿಸುವುದು ಜಾಲತಾಣದ ಲೆಕ್ಕಾಚಾರ. ಫೇಸ್‌ಬುಕ್ 2018ರ ಜನವರಿಯಲ್ಲಿ, ಸಂಸ್ಥೆಗಳ ಪುಟಗಳಿಗಿಂತ ಬಂಧುಮಿತ್ರರ ಬರೆಹಗಳಿಗೆ ಆದ್ಯತೆ ಕೊಡುವುದಾಗಿ ಬಹಿರಂಗವಾಗಿಯೇ ಸಾರಿತು. ಇತರ ತಾಣಗಳೂ ತಮ್ಮ ತಮ್ಮ ಲೆಕ್ಕಾಚಾರದಂತೆಯೇ ನಡೆಯುತ್ತವೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಲಕ್ಷಗಟ್ಟಲೆ ಹಿಂಬಾಲಕರನ್ನು ಗಳಿಸಿದ್ದವರ ಬಳಿಯೂ ಒಬ್ಬರ ವಿಳಾಸ ಉಳಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಯಾಹೂ ಗ್ರೂಪ್ಸ್ ಮುಚ್ಚಿತು. ಇಂಚೆಯ ಮೂಲಕವೇ ಬೆಳೆದಿದ್ದ ಹಲವು ಬಳಗಗಳು ಅದರೊಡನೆ ಚದುರಿಹೋದವು.

ಆದ್ದರಿಂದ ಜಾಲತಾಣದಲ್ಲಿರುವ ಹಿಂಬಾಲಕರನ್ನು ಇಂಚೆ ಪಟ್ಟಿಗೂ ವಾಟ್ಸ್ಯಾಪ್ ಗುಂಪಿಗೂ ಕರೆತರಬೇಕೆಂಬ ಮಾತು ಈಗ ಎಲ್ಲ ಚಳವಳಿಗಳಲ್ಲೂ ಕೇಳಿಬರುತ್ತಿದೆ. ಆ ಮಾತು ಸರಿಯೇ. ಆದರೆ ಅದರಲ್ಲಿ ಅಡಗಿರುವ ಒಂದು ತಪ್ಪು ತಿಳುವಳಿಕೆಯನ್ನು ಮೊದಲು ನಿವಾರಿಸಿಕೊಳ್ಳಬೇಕು. ವಾಟ್ಸ್ಯಾಪ್ ಗುಂಪು ನಮ್ಮ ಸ್ವಂತದ್ದಲ್ಲ. 2014ರಿಂದ ಅದು ಫೇಸ್‌ಬುಕ್‌ನ ಒಡೆಯರ ಕೈಯಲ್ಲಿಯೇ ಇದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಯಾಪ್ ಮೂರೂ ಒಟ್ಟಿಗೇ ಸುಮಾರು ಆರು ಗಂಟೆ ಸ್ತಬ್ಧವಾದವು. ಪುಟವನ್ನು ಬಿಟ್ಟು ಗುಂಪಿಗೆ ಬಂದವರು ಒಂದೇ ಯಜಮಾನನ ಇನ್ನೊಂದು ಮನೆಗೆ ಬಾಡಿಗೆಗೆ ಹೋದಂತಾಯಿತು ಅಷ್ಟೆ. ನಿಜವಾಗಿ ನಮ್ಮದಾಗಬಲ್ಲದ್ದು ಒಂದೇ: ಹೆಸರು, ಊರು, ಫೋನ್ ಸಂಖ್ಯೆ, ಇಂಚೆ ವಿಳಾಸಗಳ ಪಟ್ಟಿ. ಅಂಚೆಯಲ್ಲಿ ಪತ್ರಿಕೆ ಕಳಿಸುತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಮುದ್ರಣಾಲಯ ಬದಲಾದರೂ ಚಂದಾದಾರರ ಪುಸ್ತಕ ಕಪಾಟಿನಲ್ಲಿರುವವರೆಗೆ ಪತ್ರಿಕೆ ನಿಲ್ಲುತ್ತಿರಲಿಲ್ಲ.

ಸ್ವಂತ ಜಾಲತಾಣವಿದ್ದರೂ ಈ ಮಾತು ತಪ್ಪುವುದಿಲ್ಲ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಯ ವಿರುದ್ಧ ದೇಶದಾದ್ಯಂತ ವಿದ್ಯಾರ್ಥಿಗಳು ಸಚಿವರಿಗೆ ಇಂಚೆ ಬರೆಯುವ ಅಭಿಯಾನ ನಡೆಸಿದರು. ಆ ಜುಲೈ ಹೊತ್ತಿಗೆ ಫ್ರೈಡೇಸ್ ಫಾರ್ ಫ್ಯೂಚರ್ ಇಂಡಿಯಾ, ಲೆಟ್ ಇಂಡಿಯಾ ಬ್ರೀದ್ ಮೊದಲಾದ ಬಳಗಗಳ ತಾಣಗಳು ತೆರೆಯದಂತಾದವು. ಆಕ್ಷೇಪಣೆಯ ಗಡುವು ಆಗಸ್ಟ್ 11ರವರೆಗೆ ಇದ್ದಾಗಲೇ ಹೀಗಾಯಿತು. ಹೆಸರು ನೋಂದಾಯಿಸಿ ಹಣ ಕೊಟ್ಟ ತಾಣವನ್ನೂ ಮುಚ್ಚಿಸಬಹುದು. ಅಂಥ ದಿನ ಜನರನ್ನು ಮತ್ತೆ ಕಲೆಹಾಕಲು ನೆರವಾಗುವುದು ಬೇರೆಡೆ ಇರಿಸಿದ ಪಟ್ಟಿಯೇ.

ಪಟ್ಟಿಯನ್ನು ಕಟ್ಟುವುದು ಹೇಗೆ? “ನಮ್ಮ ಗುಂಪಿಗೆ ಸೇರಿರಿ” ಎಂದು ಪುಟದಲ್ಲಿ ಒಮ್ಮೆ ಬರೆದರೆ ಯಾರೂ ಬರುವುದಿಲ್ಲ. ಬರಲು ಕಾರಣ ಬೇಕು. ಕರಡು ಅಧಿಸೂಚನೆಯಲ್ಲಿ ಹೆಸರಿರುವ ಹಳ್ಳಿಗಳ ಪಟ್ಟಿ, ಅದರ ಕನ್ನಡ ಸಾರಾಂಶ, ಆಕ್ಷೇಪಣಾ ಪತ್ರದ ಮಾದರಿ, ಇವನ್ನು ಕೇಳಿದವರಿಗೆ ಮಾತ್ರ ಕಳಿಸುವುದಾಗಿ ಹೇಳಬೇಕು. ಆಸಕ್ತರು ಬಳಗದ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡು, ತಮ್ಮ ಹೆಸರು ಮತ್ತು ಊರನ್ನು ಬರೆದು ಸಂದೇಶ ಕಳಿಸಲಿ. ಜಾಲತಾಣ ನೋಡದವರಿಗಾಗಿ ಸಂತೆಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ಗ್ರಾಮಸಭೆಯ ದಿನ ಒಂದು ನೋಟ್‌ಪುಸ್ತಕ ಇಡಬೇಕು. ಹೆಸರು, ಊರು ಮತ್ತು ಗ್ರಾಮ ಪಂಚಾಯಿತಿ, ಫೋನ್, ಇಂಚೆ, ‘ಮಾಹಿತಿ ಕಳಿಸಲು ಒಪ್ಪಿದ್ದೇನೆ’ ಎಂಬುದರ ಮುಂದೆ ಸಹಿ: ಈ ಐದು ಅಂಕಣ ಸಾಕು. ಕೊನೆಯ ಅಂಕಣವನ್ನು ಬಿಡಬಾರದು. ಅವರ ವಿವರ ಯಾವ ಕೆಲಸಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯುವುದು ಮರ್ಯಾದೆ. ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆಯ ಆಶಯವೂ ಅದೇ. ಕೇಳದೆ ಗುಂಪಿಗೆ ಎಳೆದುಹಾಕಿದರೆ ಕೆಲವರು ಹೊರನಡೆಯುತ್ತಾರೆ, ಕೆಲವರು ದೂರು ಒತ್ತುತ್ತಾರೆ. ದೂರುಗಳು ಹೆಚ್ಚಾದರೆ ನಮ್ಮ ಸಂಖ್ಯೆಯೇ ವಾಟ್ಸ್ಯಾಪ್‌ನಿಂದ ಹೊರಬೀಳಬಹುದು.

ಆ ಸಂಖ್ಯೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹಲವು ಬಳಗಗಳಲ್ಲಿ ಗುಂಪು ಯಾರೋ ಉತ್ಸಾಹಿ ವಿದ್ಯಾರ್ಥಿಯ ಸಂಖ್ಯೆಯಲ್ಲಿರುತ್ತದೆ. ಅವರು ಓದು ಮುಗಿಸಿ ಬೆಂಗಳೂರಿಗೆ ಹೋದಾಗ ಗುಂಪೂ ಅನಾಥವಾಗುತ್ತದೆ. ಬಳಗಕ್ಕೇ ಪ್ರತ್ಯೇಕ ಸಿಮ್ ಇರಲಿ. ಅದಕ್ಕೆ ತಪ್ಪದೆ ರೀಚಾರ್ಜ್ ಮಾಡಿಸಬೇಕು. ತೊಂಬತ್ತು ದಿನ ಬಳಸದ ಸಂಖ್ಯೆಯನ್ನು ಕಂಪನಿ ಹಿಂದಕ್ಕೆ ಪಡೆಯಬಹುದು. ಅನಂತರ ಅದು ಯಾರ ಕೈಗೆ ಸೇರುತ್ತದೋ ಹೇಳಲಾಗದು. ಗುಂಪಿಗೆ ಕಡಿಮೆಯೆಂದರೆ ಇಬ್ಬರು ನಿರ್ವಾಹಕರಿರಬೇಕು.

ವಾಟ್ಸ್ಯಾಪ್‌ನಲ್ಲಿ ಸುದ್ದಿ ಕಳಿಸಲು ಎರಡು ಮುಖ್ಯ ದಾರಿಗಳಿವೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಬೇರೆಬೇರೆಯಾಗಿ ಸಂದೇಶ ಹೋಗುತ್ತದೆ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಗುಂಪಿನಲ್ಲಿ 1,024 ಜನರಿರಬಹುದು, ಆದರೆ ಎಲ್ಲರ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ. ಪೇಟೆಯ ಗುಂಪಿಗೆ ಇದು ದೊಡ್ಡ ಸಂಗತಿಯಲ್ಲ. ಗಣಿ ಅಥವಾ ಅಣೆಕಟ್ಟೆಯನ್ನು ವಿರೋಧಿಸುವ ಊರಿನಲ್ಲಿ ಹಾಗಲ್ಲ. ಗುತ್ತಿಗೆದಾರನ ಕಡೆಯವನೊಬ್ಬ ಒಳಗೆ ಬಂದರೆ ಯಾರು ಯಾರು ವಿರೋಧಿಗಳೆಂಬ ಪೂರ್ಣ ಪಟ್ಟಿ ಅವನಿಗೆ ಸಿಕ್ಕಂತೆ. ಅಂಥ ಊರುಗಳಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಅಥವಾ ಸದಸ್ಯರ ಸಂಖ್ಯೆಯನ್ನು ಮರೆಮಾಡುವ ‘ಕಮ್ಯುನಿಟಿ’ ಪ್ರಕಟಣೆಯೇ ಸೂಕ್ತ. ಗುಂಪನ್ನೇ ಮಾಡುವುದಾದರೆ ನಿರ್ವಾಹಕರು ಮಾತ್ರ ಬರೆಯುವಂತೆ ಇರಿಸಬೇಕು. ಇಲ್ಲವಾದರೆ ಹಬ್ಬದ ಶುಭಾಶಯ, ಹುಟ್ಟುಹಬ್ಬದ ಚಿತ್ರಗಳ ರಾಶಿಯಲ್ಲಿ ಗಡುವಿನ ಸುದ್ದಿ ಹೂತುಹೋಗುತ್ತದೆ.

ಇಂಚೆಯ ಸ್ವಭಾವ ಬೇರೆ. ಹಳ್ಳಿಯ ಬಹುತೇಕ ಹಿರಿಯರು ಅದನ್ನು ತೆರೆದು ನೋಡುವುದಿಲ್ಲ. ವಿದ್ಯಾರ್ಥಿಗಳು, ಅಧ್ಯಾಪಕರು, ಪರಊರಿನಲ್ಲಿರುವ ಮಲೆನಾಡಿನ ಮಕ್ಕಳು ನೋಡುತ್ತಾರೆ. ಇಂಚೆಯ ದೊಡ್ಡ ಗುಣವೆಂದರೆ ಅದಕ್ಕೆ ಒಬ್ಬ ಯಜಮಾನನಿಲ್ಲ. ಒಂದು ಕಂಪನಿಯ ಸೇವೆ ನಿಂತರೆ ಅದೇ ವಿಳಾಸಗಳನ್ನು ಇನ್ನೊಂದಕ್ಕೆ ಒಯ್ಯಬಹುದು. ಆದರೆ ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಿಂತ ಹೆಚ್ಚು ಮಂದಿಗೆ ಕಳಿಸಲಾಗದು. ಹಾಗೆ ಕಳಿಸುವಾಗ ವಿಳಾಸಗಳನ್ನು ‘ಬಿಸಿಸಿ’ ಸಾಲಿನಲ್ಲಿಯೇ ಹಾಕಬೇಕು, ಇಲ್ಲವಾದರೆ ಎಲ್ಲರ ವಿಳಾಸವೂ ಬಯಲಾಗುತ್ತದೆ. ಬೇಡವೆಂದವರ ಹೆಸರನ್ನು ಕೂಡಲೆ ತೆಗೆಯಬೇಕು. ಅವರು ಅದನ್ನು ‘ಸ್ಪ್ಯಾಮ್’ ಎಂದು ಗುರುತಿಸತೊಡಗಿದರೆ, ಬೇಕೆನ್ನುವವರ ಪೆಟ್ಟಿಗೆಗೂ ನಮ್ಮ ಪತ್ರ ಸೇರುವುದಿಲ್ಲ.

ಇಷ್ಟನ್ನೂ ಒಂದು ಸಂದರ್ಭಕ್ಕೆ ಹೊಂದಿಸಿ ನೋಡೋಣ. 2025ರ ಸೆಪ್ಟೆಂಬರಿನಲ್ಲಿ ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. 2006ರ ಅಧಿಸೂಚನೆಯಂತೆ ಇಂಥ ಸಭೆಗೆ ಕನಿಷ್ಠ ಮೂವತ್ತು ದಿನ ಮುಂಚೆ ಪತ್ರಿಕಾ ಪ್ರಕಟಣೆ ಕೊಡಬೇಕು. ನಾಳೆ ಇನ್ನೊಂದು ಕಣಿವೆಗೆ ಅಂಥ ಪ್ರಕಟಣೆ ಬಂತೆನ್ನೋಣ. ಬಾಧಿತ ಊರುಗಳು ಹನ್ನೆರಡು, ನಮ್ಮ ಪಟ್ಟಿಯಲ್ಲಿ ಆ ಊರುಗಳ 240 ಜನ. ಸಂಖ್ಯೆಗಳನ್ನು ಊರಿನ ಹೆಸರು ಮೊದಲು ಬರುವಂತೆ ಉಳಿಸಿಟ್ಟಿದ್ದರೆ ಒಂದೇ ಸಂಜೆಯಲ್ಲಿ ಅವರಿಗಾಗಿ ಬ್ರಾಡ್‌ಕಾಸ್ಟ್ ಪಟ್ಟಿ ಸಿದ್ಧವಾಗುತ್ತದೆ. ಮೊದಲ ದಿನ ಸಭೆಯ ದಿನ, ಜಾಗ, ವರದಿಯ ಕನ್ನಡ ಸಾರಾಂಶ ಎಲ್ಲಿ ನೋಡಲು ಸಿಗುತ್ತದೆ ಎಂಬಷ್ಟನ್ನೇ ಬರೆದು, ಕೊನೆಯಲ್ಲಿ “ಮುಟ್ಟಿದ್ದರೆ ‘ಸರಿ’ ಎಂದು ಉತ್ತರಿಸಿರಿ” ಎನ್ನಬೇಕು. ಎರಡನೆಯ ದಿನ ಸಂದೇಶವನ್ನು ಒತ್ತಿಹಿಡಿದು ಅದರ ಮಾಹಿತಿ ನೋಡಿದರೆ ಯಾರಿಗೆ ತಲಪಿದೆ ಎಂಬುದು ಕಾಣುತ್ತದೆ. ತಲಪದವರಲ್ಲಿ ನಮ್ಮ ಸಂಖ್ಯೆ ಉಳಿಸಿಕೊಳ್ಳದವರು, ಫೋನು ಬದಲಿಸಿದವರು, ಮಳೆಗೆ ಕರೆಂಟು ಹೋಗಿ ಟವರು ಸತ್ತ ಊರಿನವರು ಇರುತ್ತಾರೆ. ಒಂದೇ ಊರಿನ ಎಲ್ಲರಿಗೂ ತಲಪದಿದ್ದರೆ ದೋಷ ಟವರಿನದೆಂದು ತಿಳಿಯಬಹುದು. ಆ ಊರಿಗೆ ಮೂರನೆಯ ದಿನವೇ ಒಬ್ಬರು ಚೀಟಿ ಹಿಡಿದು ಹೋಗಬೇಕು. ಉಳಿದವರಿಗೆ ಪ್ರತಿ ಊರಿನ ಸಂಪರ್ಕದವರು ನೇರ ಕರೆ ಮಾಡಬೇಕು. ಒಂದು ವಾರದೊಳಗೆ 240 ಹೆಸರುಗಳ ಮುಂದೂ ಗುರುತು ಬಿದ್ದಿರುತ್ತದೆ, ಇನ್ನೂ ಇಪ್ಪತ್ತಕ್ಕೂ ಹೆಚ್ಚು ದಿನ ಉಳಿದಿರುತ್ತವೆ. ಯಾರಿಗೆ ಮುಟ್ಟಿಲ್ಲವೆಂಬುದನ್ನು ಹೆಸರು ಹೆಸರಾಗಿ ತಿಳಿಸುವ ಇಂಥ ಲೆಕ್ಕ ಯಾವ ಪುಟದ ಹಿಂಬಾಲಕರ ಸಂಖ್ಯೆಯಿಂದಲೂ ಸಿಗದು.

ಜಾಲತಾಣದ ಪುಟವನ್ನು ಮುಚ್ಚಬೇಕೆಂದು ನಾವು ಹೇಳುತ್ತಿಲ್ಲ. ಹೊಸಬರು ನಮ್ಮನ್ನು ಕಾಣುವುದು ಅಲ್ಲಿಯೇ. ಅದು ಸಂತೆ ಇದ್ದಂತೆ. ಪರಿಚಯವಾದವರ ಊರು, ವಿಳಾಸ ಕೇಳಿಕೊಳ್ಳದೆ ಸಂತೆ ಮುಗಿಸಿ ಬಂದರೆ ತಪ್ಪು ನಮ್ಮದು.

ಈ ತಿಂಗಳಿನಿಂದ ಬಳಗವು ಇದೇ ಕ್ರಮವನ್ನು ಅನುಸರಿಸಲಿದೆ. ಪಟ್ಟಿಯ ಒಂದು ಪ್ರತಿ ಗಣಕಯಂತ್ರದಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ, ಮತ್ತೊಂದು ಮುದ್ರಿಸಿದ ಹಾಳೆಯಲ್ಲಿ ಇರುತ್ತದೆ. ಅವು ಇಬ್ಬರು ಜವಾಬ್ದಾರರ ಬೀಗದ ಒಳಗಿರುತ್ತವೆ, ಬೇರೆ ಯಾರಿಗೂ ಕೊಡುವುದಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಹೊಸ ಹೆಸರು ಸೇರಿಸಿ, ಬೇಡವೆಂದವರದನ್ನು ತೆಗೆಯಲಾಗುವುದು. ಈ ಸಂಚಿಕೆಯ ಕೊನೆಯ ಪುಟದಲ್ಲಿ ಕತ್ತರಿಸಿ ತುಂಬಬಹುದಾದ ಚೀಟಿಯಿದೆ. ಓದುಗರು ಅದನ್ನು ತಾವು ತುಂಬಿ, ಫೋನಿನ ಪುಟ ನೋಡದ ನೆರೆಮನೆಯವರಿಂದಲೂ ತುಂಬಿಸಿ ಕಳಿಸಬೇಕೆಂದು ವಿನಂತಿ. ಘಟ್ಟದ ಅಂಚಿನ ಆ ಹಿರಿಯರ ಹೆಸರು ಪುಸ್ತಕದ ಮೊದಲ ಸಾಲಿನಲ್ಲಿದೆ.